ಹೋದ ಕರೆಂಟು ವಾಪಸ್ ಬರೋ ದಾರಿ

ನಾವು ನಾಲ್ಕು ಜನ, ಸೆಕೆಂಡ್ ಇಯರ್ ಇಸಿ. ನಾಲ್ವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಪಿಸಿಬಿ ಬಗ್ಗೆ ಕನ್ನಡದಲ್ಲಿ ಬರೀತೀವಿ ಅಂತ ಕ್ಲಬ್‌ನವರಿಗೆ ಮಾತು ಕೊಟ್ಟು ಕೂತಾಗ ಮೊದಲ ಸಾಲಲ್ಲೇ ಒಂದು ಪದದ ಹತ್ತಿರ ನಿಂತುಬಿಟ್ವಿ. ಆ ಪದ ಗ್ರೌಂಡ್. ನಮ್ಮಲ್ಲೊಬ್ಬಳು ‘ನೆಲ’ ಅಂತ ಬರೆದಳು. ಓದಿ ನೋಡಿದರೆ ಅರ್ಥ ಸರಿಯಾಗಿದೆ, ಆದರೆ ವಿಷಯವೇ ತಪ್ಪಾಗಿ ಕೇಳಿಸುತ್ತೆ. ನೆಲಕ್ಕೆ ಚೆಲ್ಲಿದ ನೀರು ನೆಲದಲ್ಲೇ ಇಂಗಿ ಹೋಗುತ್ತೆ, ಅದು ಆಮೇಲೆ ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳಲ್ಲ. ಕರೆಂಟು ಹಾಗಲ್ಲ. ಅದು ಎಲ್ಲಿಂದ ಹೊರಟಿತೋ ಅಲ್ಲಿಗೇ ವಾಪಸ್ ಹೋಗಬೇಕು. ಸ್ಕೀಮ್ಯಾಟಿಕ್‌ನಲ್ಲಿ `GND` ಚಿಹ್ನೆ ಹಾಕಿದಾಗ ನಾವು ಆ ವಾಪಸ್ ಪ್ರಯಾಣವನ್ನ ಬರೆಯೋದನ್ನ ಬಿಟ್ಟುಬಿಡ್ತೀವಿ, ಅಷ್ಟೇ. ಬೋರ್ಡ್ ಮೇಲೆ ಅದನ್ನ ಬಿಡೋಕಾಗಲ್ಲ, ಯಾಕಂದ್ರೆ ಅಲ್ಲಿ ಪ್ರತಿ ಮಿಲಿಮೀಟರಿಗೂ ತಾಮ್ರ ಬೇಕು.

ಈ ವಿಷಯ ನಮಗೆ ತಲೆಗೆ ಹತ್ತಿದ್ದು ಒಂದು ಹಳೇ ಬೋರ್ಡಿಂದ. ಕಳೆದ ವರ್ಷ ಫೆಸ್ಟ್‌ನ ಲೈನ್ ಫಾಲೋವರ್ ರೇಸ್‌ಗೆ ನಮ್ಮ ಸೀನಿಯರ್ಸ್ ಮಾಡಿದ ಬೋರ್ಡ್ ಅದು. ಎರಡು ಲೇಯರ್, 80 ಮಿಲಿಮೀಟರ್ ಉದ್ದ, 60 ಅಗಲ. ಒಂದು `ATmega328P`, 16 ಮೆಗಾಹರ್ಟ್ಜ್ ಕ್ರಿಸ್ಟಲ್, ಒಂದು ಮೋಟಾರ್ ಡ್ರೈವರ್ ಐಸಿ, 5 ವೋಲ್ಟ್ ರೆಗ್ಯುಲೇಟರ್, ಎರಡು ಲಿಥಿಯಂ ಸೆಲ್, ಮುಂದೆ ಐಆರ್ ಸೆನ್ಸರ್ ಪಟ್ಟಿ. ಬೆಂಚ್ ಮೇಲೆ ಚೆನ್ನಾಗೇ ಓಡ್ತಿತ್ತು. ಟ್ರ್ಯಾಕ್ ಮೇಲೆ, ತಿರುವಿನಲ್ಲಿ ಮೋಟಾರ್‌ಗಳು ಜೋರಾದ ತಕ್ಷಣ ಒಮ್ಮೊಮ್ಮೆ ನಿಂತು ಮತ್ತೆ ಮೊದಲಿಂದ ಶುರುವಾಗ್ತಿತ್ತು. ಸೆಮಿಫೈನಲ್‌ನಲ್ಲಿ ಅದೇ ಆಯ್ತು. ತಂಡದಲ್ಲಿ ಕೋಡ್ ಬರೆದ ಅಣ್ಣನಿಗೆ ಆಮೇಲೆ ಇಡೀ ವರ್ಷ ಕೀಟಲೆ: ‘ನಿನ್ನ ಕೋಡ್ ಹ್ಯಾಂಗ್ ಆಗುತ್ತೆ ಮಗಾ’ ಅಂತ. ಅವರು ಕೋಡ್ ಮೂರು ಸಲ ಹೊಸದಾಗಿ ಬರೆದರು, ಚಿಪ್ ಎರಡು ಸಲ ಬದಲಾಯಿಸಿದರು. ರೋಗ ಹಾಗೇ ಇತ್ತು. ಈ ವರ್ಷ ಬೋರ್ಡ್ ನಮ್ಮ ಕೈಗೆ ಬಂದಾಗ ಅವರು ಫೈನಲ್ ಇಯರ್. ಕೇಳಿದ್ದು ಒಂದೇ: ‘ನಾನು ಹೋಗೋದ್ರೊಳಗೆ ಅದು ಯಾಕೆ ಹಾಗೆ ಮಾಡ್ತಿತ್ತು ಅಂತ ಹೇಳ್ರೋ.’

ಹಾಗಾಗಿ ನಾವು ಒಂದು ನಿಯಮ ಹಾಕಿಕೊಂಡ್ವಿ. ಯಾವ ಕಾಂಪೊನೆಂಟೂ ಬದಲಾಯಿಸಬಾರದು, ಸೇರಿಸಬಾರದು. ಸರ್ಕ್ಯೂಟ್ ಅದೇ, ಕೋಡ್ ಅದೇ. ಬದಲಾಗೋದು ಬೋರ್ಡ್ ಮೇಲೆ ಯಾವುದು ಎಲ್ಲಿ ಕೂರುತ್ತೆ, ತಾಮ್ರ ಹೇಗೆ ಹೋಗುತ್ತೆ ಅನ್ನೋದು ಮಾತ್ರ. ಆಗ ಏನೇ ವ್ಯತ್ಯಾಸ ಬಂದರೂ ಅದು ಲೇಔಟಿನದ್ದೇ.

ಮೊದಲು ಚಿಪ್‌ನ್ನೇ ಕೇಳಿದ್ವಿ

`ATmega328P` ತಾನು ಯಾಕೆ ರೀಸೆಟ್ ಆದೆ ಅಂತ ಒಂದು ರಿಜಿಸ್ಟರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತೆ. ಪ್ರೋಗ್ರಾಂ ಶುರುವಿನಲ್ಲೇ ಅದನ್ನ ಓದಿ, ಸೊನ್ನೆ ಮಾಡಿ ಇಡಬೇಕು:

```c
uint8_t yake = MCUSR;
MCUSR = 0;
```

ಆಮೇಲೆ `yake` ಎಷ್ಟಿದೆಯೋ ಅಷ್ಟು ಸಲ ಎಲ್‌ಇಡಿ ಮಿಣುಕೋ ಹಾಗೆ ಮಾಡಿದ್ವಿ. 8 ಬಂದರೆ ವಾಚ್‌ಡಾಗ್, ಅಂದರೆ ಕೋಡ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ. 4 ಬಂದರೆ ಬ್ರೌನ್‌ಔಟ್, ಅಂದರೆ ಸಪ್ಲೈ ವೋಲ್ಟೇಜ್ ಕುಸಿದಿದೆ. 2 ಬಂದರೆ ರೀಸೆಟ್ ಪಿನ್ ಕೆಳಗಿಳಿದಿದೆ. ಒಂದು ಎಚ್ಚರ: ಬೂಟ್‌ಲೋಡರ್ ಇದ್ದರೆ ಅದು ನಮಗಿಂತ ಮೊದಲೇ ಈ ರಿಜಿಸ್ಟರ್ ಅಳಿಸಿರಬಹುದು. ಅದಕ್ಕೆ ನಾವು ಐಎಸ್‌ಪಿ ಪ್ರೋಗ್ರಾಮರ್‌ನಿಂದ ನೇರವಾಗಿ ಪ್ರೋಗ್ರಾಂ ಹಾಕಿದ್ವಿ.

ಟ್ರ್ಯಾಕ್ ಮೇಲೆ ಬಿಟ್ವಿ. ಮೂರನೇ ಸುತ್ತಿನ ತಿರುವಲ್ಲಿ ನಿಂತಿತು. ಎಲ್‌ಇಡಿ ಎರಡು ಸಲ ಮಿಣುಕಿತು.

ಅಂದರೆ ಚಿಪ್ ಹೇಳ್ತಿರೋದು: ಯಾರೋ ರೀಸೆಟ್ ಬಟನ್ ಒತ್ತಿದರು. ಯಾರೂ ಒತ್ತಿರಲಿಲ್ಲ. ಆದರೆ ಕೋಡ್ ಹ್ಯಾಂಗ್ ಆಗಿಲ್ಲ ಅನ್ನೋದಂತೂ ಅಲ್ಲಿಗೆ ಗಟ್ಟಿಯಾಯ್ತು. ಅಣ್ಣನಿಗೆ ಆವತ್ತು ರಾತ್ರಿಯೇ ಹೇಳಿದ್ವಿ. ಅವರು ಒಂದು ನಿಮಿಷ ಸುಮ್ಮನಿದ್ದು, ‘ಗ್ರೂಪಲ್ಲಿ ಹಾಕ್ರೋ ಇದನ್ನ’ ಅಂದರು.

ಬಟನ್ ಒತ್ತದೆ ರೀಸೆಟ್ ಪಿನ್ ಹೇಗೆ ಇಳಿಯುತ್ತೆ? ಬಟನ್ ಇದ್ದದ್ದು ಬೋರ್ಡಿನ ಒಂದು ಅಂಚಲ್ಲಿ, ಅದರ ಕೆಪಾಸಿಟರೂ ಅಲ್ಲೇ. ಆ ಕೆಪಾಸಿಟರ್ ರೀಸೆಟ್ ಲೈನನ್ನ ಹಿಡಿದಿಟ್ಟುಕೊಂಡಿರೋದು ತನ್ನ ಕಾಲ ಕೆಳಗಿರೋ `GND`ಗೆ ಹೋಲಿಸಿ. ಚಿಪ್ ಅಳೆಯೋದು ತನ್ನ ಕಾಲ ಕೆಳಗಿನ `GND`ಗೆ ಹೋಲಿಸಿ. ಈ ಎರಡು ಜಾಗಗಳ ನಡುವೆ ಕ್ಷಣಕಾಲ ವೋಲ್ಟೇಜ್ ಹುಟ್ಟಿದರೆ, ರೀಸೆಟ್ ಲೈನ್ ಇದ್ದಲ್ಲೇ ಇದ್ದರೂ ಚಿಪ್ ಕಣ್ಣಿಗೆ ಅದು ಇಳಿದ ಹಾಗೆ ಕಾಣುತ್ತೆ. ಡೇಟಾಶೀಟ್ ಪ್ರಕಾರ ರೀಸೆಟ್ ಪಿನ್ನಿನ ಗಡಿ ಸಪ್ಲೈನ 0.2 ಭಾಗದಿಂದ 0.9 ಭಾಗದ ನಡುವೆ ಎಲ್ಲಿ ಬೇಕಾದರೂ ಇರಬಹುದು. ಗಡಿ ಮೇಲಿನ ತುದಿಯಲ್ಲಿರೋ ಚಿಪ್ ಸಿಕ್ಕಿದರೆ ಅರ್ಧ ವೋಲ್ಟೇ ಸಾಕು.

`GND`ಯಿಂದ `GND`ಗೆ ಅಳತೆ

ಇದನ್ನ ಊಹೆ ಮಾಡಿ ಬಿಡಬೇಕಿಲ್ಲ, ಅಳೀಬಹುದು. ಡಿಎಸ್‌ಓ ಪ್ರೋಬಿನ ಕ್ಲಿಪ್ಪನ್ನ ಬ್ಯಾಟರಿ ಮೈನಸ್‌ಗೆ ಹಾಕಿ, ತುದಿಯನ್ನ ಚಿಪ್‌ನ `GND` ಪಿನ್‌ಗೆ ಇಡಬೇಕು. ಎರಡೂ ಒಂದೇ ನೆಟ್. ಸ್ಕೀಮ್ಯಾಟಿಕ್ ನಂಬಿದರೆ ಪರದೆ ಮೇಲೆ ಸಪಾಟಾದ ಗೆರೆ ಬರಬೇಕು. ಮೋಟಾರ್ ನಿಂತಿದ್ದಾಗ ಹಾಗೇ ಬಂತು. ಪಿಡಬ್ಲ್ಯೂಎಂ ಶುರು ಮಾಡಿದ ತಕ್ಷಣ ಪ್ರತಿ ಅಂಚಿಗೂ 300 ಮಿಲಿವೋಲ್ಟ್ ಆಸುಪಾಸಿನ ಮುಳ್ಳುಗಳು ಎದ್ದವು, ಆಗೊಮ್ಮೆ ಈಗೊಮ್ಮೆ ಅದಕ್ಕಿಂತ ದೊಡ್ಡದು.

ಲ್ಯಾಬ್ ಸರ್ ಹಿಂದೆ ನಿಂತು ನೋಡ್ತಿದ್ದವರು ಹೇಳಿದರು: ‘ಇದ್ರಲ್ಲಿ ಬೋರ್ಡಿಂದೆಷ್ಟು, ನಿಮ್ಮ ಪ್ರೋಬಿಂದೆಷ್ಟು?’ ಕ್ಲಿಪ್ಪಿನ ಉದ್ದ ವೈರ್ ಇದೆಯಲ್ಲ, ಅದೇ ಒಂದು ಕುಣಿಕೆ. ಸುತ್ತಲಿನ ಮ್ಯಾಗ್ನೆಟಿಕ್ ಫೀಲ್ಡ್ ಬದಲಾದಾಗೆಲ್ಲ ಅದರಲ್ಲೂ ವೋಲ್ಟೇಜ್ ಹುಟ್ಟುತ್ತೆ. ಪರೀಕ್ಷೆ ಸುಲಭ. ತುದಿಯನ್ನೂ ಕ್ಲಿಪ್ಪನ್ನೂ ಒಂದೇ ಜಾಗಕ್ಕೆ ಮುಟ್ಟಿಸಿ, ಮೋಟಾರ್ ಓಡಿಸಿ. ಆಗಲೂ ಏನು ಕಾಣುತ್ತೋ ಅದು ಪ್ರೋಬಿನದ್ದು. ನಮಗೆ 80 ಮಿಲಿವೋಲ್ಟ್ ಬಂತು. ಕ್ಲಿಪ್ ತೆಗೆದು, ಪ್ರೋಬಿನ ಮೂತಿಗೆ ಹಾಕೋ ಚಿಕ್ಕ ಸ್ಪ್ರಿಂಗ್ ಹಾಕಿ, ಬ್ಯಾಟರಿ ಮೈನಸ್‌ನಿಂದ ಸಣ್ಣ ತಾಮ್ರದ ಪಟ್ಟಿ ಎಳೆದು ಮತ್ತೆ ಅಳೆದಾಗ ಪ್ರೋಬಿನ ಪಾಲು 10ಕ್ಕೆ ಇಳಿಯಿತು. ಬೋರ್ಡಿನ ಮುಳ್ಳು 250ರ ಮೇಲೇ ಉಳಿಯಿತು. ಇನ್ನೊಂದು ಮಾತು: ಇದೆಲ್ಲ ಬ್ಯಾಟರಿ ಮೇಲೆ ಓಡುವಾಗ ಮಾತ್ರ ಮಾಡಿ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಸಿಕ್ಕಿಸಿ ಯುಎಸ್‌ಬಿ ಕೂಡ ಹಾಕಿದ್ದರೆ, ಪ್ರೋಬಿನ ಕ್ಲಿಪ್ ಅರ್ಥಿಂಗ್ ಮೂಲಕ ಇನ್ನೊಂದು ದಾರಿ ತೆರೆದುಬಿಡುತ್ತೆ, ಅಳತೆಯೇ ಸುಳ್ಳಾಗುತ್ತೆ. ತಪ್ಪು ಜಾಗಕ್ಕೆ ಕ್ಲಿಪ್ ಹಾಕಿದರೆ ಶಾರ್ಟೇ ಆಗಬಹುದು.

ಈಗ ಬೋರ್ಡನ್ನ ಬೆಳಕಿಗೆ ಹಿಡಿದು ನೋಡೋ ಸಮಯ. ನೋಡಿದ್ದು ಮೂರು ವಿಷಯ.

ಸಾಲಾಗಿ ನಿಂತ ಕೆಪಾಸಿಟರ್‌ಗಳು

100 ನ್ಯಾನೋ ಫ್ಯಾರಡ್ ಡೀಕಪ್ಲಿಂಗ್ ಕೆಪಾಸಿಟರ್ ಮೂರು ಇದ್ದವು. ಲ್ಯಾಬಲ್ಲಿ 104 ಅಂತ ಬರೆದಿರೋ ಹಳದಿ ಬಿಲ್ಲೆ ಸಿಗುತ್ತಲ್ಲ, ಅದರ ಎಸ್‌ಎಂಡಿ ಅವತಾರ. ಮೂರೂ ರೆಗ್ಯುಲೇಟರ್ ಪಕ್ಕ ಪೆರೇಡ್‌ಗೆ ನಿಂತ ಹಾಗೆ ಸಾಲಾಗಿದ್ದವು. ಯಾಕೆ ಹಾಗೆ ಅಂತ ಸ್ಕೀಮ್ಯಾಟಿಕ್ ತೆಗೆದರೆ ಗೊತ್ತಾಗುತ್ತೆ. ಅಲ್ಲೂ ಮೂಲೆಯಲ್ಲಿ ಹಾಗೇ ಸಾಲಾಗಿ ಬರೆದಿದ್ದಾರೆ, ಎಲ್ಲರೂ ಹಾಗೇ ಬರೀತಾರೆ. ಪುಸ್ತಕದಲ್ಲೂ ಹಾಗೇ ಇರುತ್ತೆ. ಕಾಗದದ ಮೇಲೆ ಅದು ಸರಿ, ಯಾಕಂದ್ರೆ ಕಾಗದದ ಮೇಲಿನ ಗೆರೆಗೆ ಉದ್ದವೇ ಇಲ್ಲ.

ಕೆಪಾಸಿಟರಿನ ಕೆಲಸ ಏನು ಅಂತ ಹಾಸ್ಟೆಲ್ ಭಾಷೆಯಲ್ಲಿ ಹೇಳಬಹುದು. ರೆಗ್ಯುಲೇಟರ್ ಅಂದ್ರೆ ಮಹಡಿ ಮೇಲಿನ ಟ್ಯಾಂಕ್. ಕೆಪಾಸಿಟರ್ ಅಂದ್ರೆ ಪಕ್ಕದಲ್ಲೇ ತುಂಬಿಟ್ಟ ಬಕೆಟ್. ಚಿಪ್ ಒಳಗೆ ಪ್ರತಿ ಕ್ಲಾಕ್ ಅಂಚಿಗೂ ಸಾವಿರಾರು ಟ್ರಾನ್ಸಿಸ್ಟರ್ ಒಟ್ಟಿಗೆ ಬದಲಾಗುತ್ತವೆ, ಕೆಲವು ಸಲ ನಾಲ್ಕಾರು ಔಟ್‌ಪುಟ್ ಪಿನ್ನೂ ಒಟ್ಟಿಗೆ. ಆಗ ಕೆಲವೇ ನ್ಯಾನೋ ಸೆಕೆಂಡ್‌ಗೆ ಒಂದು ಚೊಂಬು ಕರೆಂಟು ಬೇಕು, ಈಗಲೇ ಬೇಕು. ಟ್ಯಾಂಕಿಂದ ಬರೋವರೆಗೆ ಕಾಯೋಕಾಗಲ್ಲ, ರೆಗ್ಯುಲೇಟರ್ ಎಚ್ಚೆತ್ತುಕೊಳ್ಳೋಕೆ ಮೈಕ್ರೋ ಸೆಕೆಂಡ್‌ಗಳು ಬೇಕು. ಅದಕ್ಕೆ ಬಕೆಟ್.

ಈ ಹೋಲಿಕೆ ಒಂದು ಕಡೆ ಮುರಿಯುತ್ತೆ, ಮುರಿಯೋ ಜಾಗವೇ ನಮ್ಮ ವಿಷಯ. ಸ್ನಾನದ ನೀರು ಮೋರಿಗೆ ಹೋಗುತ್ತೆ. ಕೆಪಾಸಿಟರಿಂದ ಹೊರಟ ಕರೆಂಟು `VCC` ಪಿನ್ ಹೊಕ್ಕು, ಚಿಪ್ ದಾಟಿ, `GND` ಪಿನ್ನಿಂದ ಹೊರಬಂದು, ಅದೇ ಕೆಪಾಸಿಟರಿನ ಇನ್ನೊಂದು ಕಾಲಿಗೆ ವಾಪಸ್ ಬರಬೇಕು. ಹಾಗಾಗಿ ಕೆಪಾಸಿಟರ್ ಪಿನ್‌ಗೆ ಎಷ್ಟು ದೂರ ಅಂತ ಕೇಳಿದರೆ ಅರ್ಧ ಪ್ರಶ್ನೆ ಮಾತ್ರ ಕೇಳಿದ ಹಾಗೆ. ಇಡೀ ಸುತ್ತು ಎಷ್ಟು ಉದ್ದ ಅಂತ ಕೇಳಬೇಕು.

ಲೆಕ್ಕ ಮಾಡಿ ನೋಡೋಣ. 5 ನ್ಯಾನೋ ಸೆಕೆಂಡ್‌ನಲ್ಲಿ ಕರೆಂಟು 50 ಮಿಲಿಆಂಪ್ ಏರುತ್ತೆ, 20 ನ್ಯಾನೋ ಸೆಕೆಂಡ್ ಇರುತ್ತೆ ಅಂತ ಇಟ್ಟುಕೊಳ್ಳಿ. ಮೊದಲು ಕೆಪಾಸಿಟರ್ ಖಾಲಿಯಾಗುತ್ತಾ ಅಂತ:

ΔV = I × t / C = 0.05 × 20 ns / 100 nF = 0.01 V

ಬರೀ 10 ಮಿಲಿವೋಲ್ಟ್. ಬಕೆಟ್ ಸಾಕಷ್ಟು ದೊಡ್ಡದೇ ಇದೆ, ಅದನ್ನ 10 ಮೈಕ್ರೋ ಮಾಡಿ ಏನೂ ಲಾಭ ಇಲ್ಲ. ಈಗ ದಾರಿಯ ಲೆಕ್ಕ. ತೆಳುವಾದ ಟ್ರ್ಯಾಕ್‌ಗೆ ಪ್ರತಿ ಮಿಲಿಮೀಟರಿಗೆ ಸುಮಾರು 1 ನ್ಯಾನೋ ಹೆನ್ರಿ ಇಂಡಕ್ಟೆನ್ಸ್ ಅಂತ ಒರಟು ಲೆಕ್ಕ ಇದೆ. ಹಳೇ ಬೋರ್ಡಲ್ಲಿ `VCC` ಕಡೆ 20 ಮಿಲಿಮೀಟರ್, ವಾಪಸ್ `GND` ಕಡೆ ಬಳಸಿಕೊಂಡು 30. ಒಟ್ಟು 50 ನ್ಯಾನೋ ಹೆನ್ರಿ ಅನ್ನಿ:

V = L × di/dt = 50 nH × 0.05 A / 5 ns = 0.5 V

ಅರ್ಧ ವೋಲ್ಟ್! ಕೆಪಾಸಿಟರ್ ತುಂಬಿ ತುಳುಕ್ತಾ ಇದೆ, ಆದರೂ ಚಿಪ್‌ಗೆ ಅಷ್ಟು ಕಡಿಮೆ. ಅದರಲ್ಲಿ `GND` ಕಡೆಯ ಪಾಲು ಇನ್ನೂ ಕೆಟ್ಟದ್ದು, ಯಾಕಂದ್ರೆ ಚಿಪ್‌ನ `GND` ಪಿನ್ ಅಷ್ಟು ಮೇಲೆ ಜಿಗಿದಾಗ ಅದನ್ನೇ ಸೊನ್ನೆ ಅಂತ ನಂಬಿರೋ ಎಲ್ಲ ಇನ್‌ಪುಟ್‌ಗಳೂ ಅಲುಗಾಡುತ್ತವೆ.

ನಮ್ಮ ಬೋರ್ಡಲ್ಲಿ ಚಿಪ್ ಇಟ್ಟ ತಕ್ಷಣ, ಬೇರೆ ಏನೂ ಇಡೋ ಮೊದಲು, ಮೂರು ಕೆಪಾಸಿಟರ್ ಇಟ್ವಿ. 32 ಕಾಲಿನ ಪ್ಯಾಕೇಜಲ್ಲಿ 3 `GND`, 4 `VCC`, 5 `GND`, 6 `VCC`. ಜೋಡಿ ಜೋಡಿಯಾಗಿ ಪಕ್ಕಪಕ್ಕದಲ್ಲೇ ಕೊಟ್ಟಿದ್ದಾರೆ. ಒಂದು ಕೆಪಾಸಿಟರ್ 3–4ಕ್ಕೆ, ಒಂದು 5–6ಕ್ಕೆ, ಪಿನ್ನಿಂದ 2 ಮಿಲಿಮೀಟರ್ ಒಳಗೆ. 18ರ `AVCC`ಗೆ ಜೋಡಿ `GND` ಮಾತ್ರ 21ರಲ್ಲಿದೆ, ಅದಕ್ಕೆ ಮೂರನೆಯದನ್ನ ಎರಡರ ನಡುವೆ ಸ್ವಲ್ಪ ಅಗಲವಾಗಿ ಕೂರಿಸಿದ್ವಿ. ಕಷ್ಟ ಬಂದಿದ್ದು ಎಡಗಡೆ. 7, 8ಕ್ಕೆ ಕ್ರಿಸ್ಟಲ್ ಬರಬೇಕು, ಅದಕ್ಕೂ ಅದೇ ಜಾಗ ಬೇಕು. ಕ್ರಿಸ್ಟಲನ್ನ 3 ಮಿಲಿಮೀಟರ್ ಕೆಳಗೆ ತಳ್ಳಿದ್ವಿ, ಕೆಪಾಸಿಟರನ್ನ ತಳ್ಳಲಿಲ್ಲ. ಪ್ರತಿ ಕೆಪಾಸಿಟರಿನ `GND` ಪ್ಯಾಡ್ ಪಕ್ಕದಲ್ಲೇ ಕೆಳಗಿನ ತಾಮ್ರಕ್ಕೆ ಎರಡು ವಯಾ. 5 ವೋಲ್ಟ್ ಲೈನ್ ಮೊದಲು ಕೆಪಾಸಿಟರಿಗೆ ಬಂದು, ಅಲ್ಲಿಂದ ಪಿನ್‌ಗೆ. ಪಿನ್–ಕೆಪಾಸಿಟರ್ ಸುತ್ತು ಈಗ 6 ಮಿಲಿಮೀಟರ್ ಸುಮಾರು. ಅದೇ ಸೂತ್ರ ಹಾಕಿದರೆ 60 ಮಿಲಿವೋಲ್ಟ್.

ಕೆಳಗಿನ ತಾಮ್ರದಲ್ಲಿ ಒಂದು ಸೀಳು

ಎರಡನೆಯದು ಬೋರ್ಡ್ ತಿರುಗಿಸಿ ನೋಡಿದಾಗ ಸಿಕ್ಕಿತು. ಕೆಳಗಿನ ಲೇಯರ್ ಪೂರ್ತಿ `GND` ಪೋರ್. ನೋಡೋಕೆ ಹಸಿರು ಹೊಲ. ಆದರೆ ಅದರ ಮಧ್ಯೆ 5 ವೋಲ್ಟ್ ಲೈನೊಂದು 45 ಮಿಲಿಮೀಟರ್ ಉದ್ದಕ್ಕೆ ಓಡಿತ್ತು. ಬೋರ್ಡಿನ ಅಗಲವೇ 60. ಅಂದರೆ ಹೊಲದ ಮಧ್ಯೆ ಕಾಲುವೆ ತೋಡಿ, ಒಂದು ತುದಿಯಲ್ಲಿ ಮಾತ್ರ ದಾಟೋಕೆ ಜಾಗ ಬಿಟ್ಟ ಹಾಗೆ. ರೀಸೆಟ್ ಲೈನೂ ಸೆನ್ಸರ್ ಲೈನ್‌ಗಳೂ ಮೇಲಿನ ಲೇಯರಲ್ಲಿ ಈ ಕಾಲುವೆಯನ್ನ ಅಡ್ಡ ದಾಟಿ ಹೋಗ್ತಿದ್ವು.

ಮೇಲೆ ದಾಟಿದರೆ ಏನು ತೊಂದರೆ? ಇಲ್ಲಿ ನಮಗೆ ಹೊಸದಾಗಿ ತಿಳಿದ ವಿಷಯ ಇದೆ. ಕರೆಂಟು ಕಡಿಮೆ ರೆಸಿಸ್ಟೆನ್ಸ್ ಇರೋ ದಾರಿ ಹಿಡಿಯುತ್ತೆ ಅಂತ ಓದಿದ್ವಿ. ಅದು ನಿಧಾನ ಕರೆಂಟಿಗೆ ಸರಿ. ವೇಗವಾಗಿ ಬದಲಾಗೋ ಕರೆಂಟಿಗೆ ಇಂಡಕ್ಟೆನ್ಸ್ ದೊಡ್ಡ ತಡೆ, ಅದಕ್ಕೆ ಅದು ಕಡಿಮೆ ಇಂಡಕ್ಟೆನ್ಸ್ ದಾರಿ ಹುಡುಕುತ್ತೆ. ಹೋಗೋ ಕರೆಂಟೂ ಬರೋ ಕರೆಂಟೂ ಒಂದಕ್ಕೊಂದು ಅಂಟಿಕೊಂಡು ಹೋದರೆ ಅವುಗಳ ಮ್ಯಾಗ್ನೆಟಿಕ್ ಫೀಲ್ಡ್ ಒಂದನ್ನೊಂದು ಅಳಿಸುತ್ತೆ, ಇಂಡಕ್ಟೆನ್ಸ್ ಕಡಿಮೆಯಾಗುತ್ತೆ. ಹಾಗಾಗಿ ಮೇಲಿನ ಟ್ರ್ಯಾಕ್ ಎಲ್ಲೆಲ್ಲಿ ಅಂಕುಡೊಂಕಾಗಿ ಹೋಗುತ್ತೋ, ವಾಪಸ್ ಕರೆಂಟು ಕೆಳಗಿನ ತಾಮ್ರದಲ್ಲಿ ನೆರಳಿನ ಹಾಗೆ ಅದರ ಕೆಳಗೇ ಅಂಕುಡೊಂಕಾಗಿ ಬರುತ್ತೆ. ಇಡೀ ಹೊಲ ಖಾಲಿ ಇದ್ದರೂ ನೇರ ದಾರಿ ಹಿಡಿಯಲ್ಲ.

ಆ ನೆರಳಿನ ದಾರಿಗೆ ಸೀಳು ಅಡ್ಡ ಬಂದರೆ ಅದು ದಾಟೋಕಾಗಲ್ಲ. ಸೀಳಿನ ಅಂಚು ಹಿಡಿದು ತುದಿವರೆಗೆ ಹೋಗಿ, ಬಳಸಿ, ಆಚೆ ಕಡೆ ವಾಪಸ್ ಬರಬೇಕು. ಸೀಳಿನ ತುದಿ 22 ಮಿಲಿಮೀಟರ್ ದೂರ ಇದ್ದರೆ ಹೋಗಿ ಬರೋದು 44. ಅಷ್ಟು ಇಂಡಕ್ಟೆನ್ಸ್ ಜಾಸ್ತಿ. ಅದಕ್ಕಿಂತ ಕೆಟ್ಟದ್ದು, ಸೀಳು ದಾಟೋ ಎಲ್ಲ ಸಿಗ್ನಲ್‌ಗಳ ವಾಪಸ್ ಕರೆಂಟೂ ಆ ಒಂದೇ ಅಂಚಲ್ಲಿ ಕಿಕ್ಕಿರಿಯುತ್ತೆ. ಪಿಡಬ್ಲ್ಯೂಎಂ ಲೈನಿನ ಗಲಾಟೆ ರೀಸೆಟ್ ಲೈನಿಗೆ ಕೇಳಿಸೋದು ಹೀಗೆ.

ಡಿಆರ್‌ಸಿ ಇದನ್ನ ಹೇಳಲ್ಲ. ಸೊನ್ನೆ ಎರರ್ ಅಂತಲೇ ಬರುತ್ತೆ, ಯಾಕಂದ್ರೆ ಅದು ಕೇಳೋ ಪ್ರಶ್ನೆ ‘ಸೇರಿದೆಯಾ?’ ಅಂತ ಮಾತ್ರ. ಸುತ್ತಿ ಬಳಸಿ ಸೇರಿದರೂ ಸೇರಿದ ಹಾಗೇ.

ಎರಡೇ ಲೇಯರಲ್ಲಿ ಒಂದನ್ನ ಪೂರ್ತಿ `GND`ಗೆ ಬಿಟ್ಟರೆ ಟ್ರ್ಯಾಕ್‌ಗಳು ಒಂದನ್ನೊಂದು ದಾಟೋದು ಹೇಗೆ ಅನ್ನೋದೇ ನಮ್ಮ ಎರಡು ವಾರದ ತಲೆನೋವು. ಮೂರು ದಾರಿ ಹುಡುಕಿದ್ವಿ. ಒಂದು, ಚಿಪ್‌ನ ಪಿನ್ ಬದಲಾಯಿಸೋದು. ಎಲ್‌ಇಡಿ ಆ ಪಿನ್ನಲ್ಲೇ ಇರಬೇಕು ಅಂತ ಏನಿಲ್ಲ. ಕೋಡಲ್ಲಿ ಒಂದು `#define` ತಿದ್ದಿದರೆ ಬೋರ್ಡಲ್ಲಿ ಒಂದು ದಾಟು ಕಡಿಮೆ. ನಮ್ಮ ನಿಯಮ ಮುರಿಯದೆ ಇದರಲ್ಲೇ ಅರ್ಧದಷ್ಟು ದಾಟುಗಳು ಹೋದವು. ಎರಡು, ಬಿಡಿಸಲಾಗದ ಕಡೆ ಮೇಲಿನ ಲೇಯರಲ್ಲೇ ಇರೋ ರೆಸಿಸ್ಟರ್‌ಗಳ ಹೊಟ್ಟೆ ಕೆಳಗಿಂದ ಟ್ರ್ಯಾಕ್ ನುಸುಳಿಸೋದು. ಅವು ಸೇತುವೆ ಇದ್ದ ಹಾಗೆ. ಮೂರು, ಕೆಳಗೆ ಇಳಿಯಲೇಬೇಕಾದರೆ 5–6 ಮಿಲಿಮೀಟರ್ ಓಡಿ ತಕ್ಷಣ ಮೇಲೆ ಬರೋದು, ಒಂದರ ಪಕ್ಕ ಒಂದು ಸಾಲಾಗಿ ಇಳಿಯದೆ. ಚಿಕ್ಕ ಸೀಳನ್ನ ಕರೆಂಟು ಸುಲಭವಾಗಿ ಬಳಸಿ ಹೋಗುತ್ತೆ. ಸಾಲಾದ ಚಿಕ್ಕ ಸೀಳುಗಳು ಸೇರಿ ಮತ್ತೆ ಕಾಲುವೆಯೇ ಆಗುತ್ತೆ.

ಮೋಟಾರಿನ ದಾರಿ

ಮೂರನೆಯದು ನಿಧಾನ ಕರೆಂಟಿನದ್ದು. ಸೆನ್ಸರನ್ನ ಬಿಳಿ ಹಾಳೆ ಮೇಲೆ ಅಲುಗಾಡದೆ ಇಟ್ಟು ಎಡಿಸಿ ಓದಿದ್ವಿ. ಮೋಟಾರ್ ಆಫ್ ಇದ್ದಾಗ ರೀಡಿಂಗ್ 2 ಅಂಕಿಯೊಳಗೆ ನಿಲ್ಲುತ್ತೆ. ಮೋಟಾರ್ ಆನ್ ಮಾಡಿದರೆ 35ರಷ್ಟು ಕುಣಿಯುತ್ತೆ. ಹಾಳೆ ಅದೇ, ಸೆನ್ಸರ್ ಅದೇ.

ಹಳೇ ಬೋರ್ಡಲ್ಲಿ ಡ್ರೈವರ್ ಐಸಿಯ `GND` ಮೇಲಿನ ಲೇಯರಲ್ಲೇ 40 ಮಿಲಿಮೀಟರ್ ಉದ್ದ, 0.4 ಮಿಲಿಮೀಟರ್ ಅಗಲದ ಟ್ರ್ಯಾಕಲ್ಲಿ ಹೋಗಿ ಬ್ಯಾಟರಿ ಸೇರ್ತಿತ್ತು. ಸೆನ್ಸರ್ ಪಟ್ಟಿಯ `GND`ಯೂ ಅದೇ ಟ್ರ್ಯಾಕಿಗೆ ಸೇರಿಕೊಂಡಿತ್ತು. ಸಾಮಾನ್ಯ 35 ಮೈಕ್ರಾನ್ ತಾಮ್ರದಲ್ಲಿ ಒಂದು ಚೌಕಕ್ಕೆ ಸುಮಾರು ಅರ್ಧ ಮಿಲಿಓಮ್. ಇದು 100 ಚೌಕ, ಅಂದರೆ 50 ಮಿಲಿಓಮ್. ಎರಡೂ ಮೋಟಾರ್ ಒಟ್ಟಿಗೆ ಶುರುವಾಗುವಾಗ 1 ಆಂಪ್ ಹೋದರೆ 50 ಮಿಲಿವೋಲ್ಟ್. 5 ವೋಲ್ಟನ್ನ 1024 ಭಾಗ ಮಾಡಿದರೆ ಒಂದು ಅಂಕಿ ಸುಮಾರು 4.9 ಮಿಲಿವೋಲ್ಟ್. ಅಲ್ಲಿಗೆ 10 ಅಂಕಿ ಲೆಕ್ಕಕ್ಕೆ ಸಿಕ್ಕಿತು. ಉಳಿದದ್ದು ಮೇಲೆ ಹೇಳಿದ ಮುಳ್ಳುಗಳದ್ದು.

ಇದಕ್ಕೆ ‘ಮೋಟಾರ್ `GND` ಬೇರೆ, ಚಿಪ್ `GND` ಬೇರೆ ಮಾಡಿ’ ಅಂತ ಹಲವರು ಹೇಳಿದರು. ಬೇರೆ ಮಾಡೋದು ಅಂದರೆ ತಾಮ್ರದಲ್ಲಿ ನಾವೇ ಸೀಳು ಹಾಕೋದು. ಡ್ರೈವರಿಗೆ ಹೋಗೋ ಪಿಡಬ್ಲ್ಯೂಎಂ ಲೈನ್‌ಗಳು ಆ ಸೀಳನ್ನ ದಾಟಲೇಬೇಕು, ಮತ್ತೆ ಹಳೇ ಕಥೆ. ನಾವು ಸೀಳಲಿಲ್ಲ, ಜಾಗ ಬದಲಾಯಿಸಿದ್ವಿ. ಬ್ಯಾಟರಿ ಕನೆಕ್ಟರ್, ಡ್ರೈವರ್, ಮೋಟಾರ್ ಕನೆಕ್ಟರ್ ಮೂರನ್ನೂ ಹಿಂದಿನ ಅಂಚಿಗೆ. ಚಿಪ್ ಮಧ್ಯೆ. ಸೆನ್ಸರ್ ಮುಂದಿನ ಅಂಚಿಗೆ. ನಿಧಾನ ಕರೆಂಟು ರೆಸಿಸ್ಟೆನ್ಸ್ ಕಡಿಮೆ ಇರೋ ಕಡೆ, ಅಂದರೆ ಡ್ರೈವರಿಂದ ಬ್ಯಾಟರಿ ಮೈನಸ್‌ಗೆ ಹತ್ತಿರದ ದಾರಿಯಲ್ಲೇ ಹೆಚ್ಚಾಗಿ ಹರಿಯುತ್ತೆ. ಆ ದಾರಿ ಹಿಂದಿನ ಅಂಚಲ್ಲೇ ಮುಗಿದುಹೋದರೆ ಚಿಪ್ ಕೆಳಗೆ ಬರೋಕೆ ಅದಕ್ಕೆ ಕಾರಣವೇ ಇಲ್ಲ.

ಹೊಸ ಬೋರ್ಡ್

ಆರ್ಡರ್ ಮಾಡೋಕೆ ನಮಗಿದ್ದದ್ದು ಒಂದೇ ಅವಕಾಶ. ಬೋರ್ಡ್ ಬರೋಕೆ ಹತ್ತು ಹನ್ನೆರಡು ದಿನ, ರೇಸ್‌ಗೆ ಇಪ್ಪತ್ತು. ಮೆಸ್ ಬಿಟ್ಟು ಉಳಿದ ದುಡ್ಡನ್ನ ನಾಲ್ವರೂ ಸೇರಿಸಿದ್ದು. ಬಂದ ಐದರಲ್ಲಿ ಒಂದಕ್ಕೆ ಹಳೇ ಬೋರ್ಡಿಂದಲೇ ಚಿಪ್ಪನ್ನ ಹಾಟ್ ಏರ್‌ನಲ್ಲಿ ಬಿಚ್ಚಿ ಹಾಕಿದ್ವಿ, ಚಿಪ್ ಬೇರೆ ಅನ್ನೋ ಮಾತು ಬರಬಾರದು ಅಂತ.

ಅದೇ ಮೋಟಾರ್, ಅದೇ ಪಿಡಬ್ಲ್ಯೂಎಂ, ಅದೇ ಸ್ಪ್ರಿಂಗ್ ಪ್ರೋಬ್. ಬ್ಯಾಟರಿ ಮೈನಸ್‌ನಿಂದ ಚಿಪ್ `GND`ಗೆ 250ರ ಮೇಲಿದ್ದ ಮುಳ್ಳು 40 ಮಿಲಿವೋಲ್ಟ್ ಆಗಿತ್ತು. ಬಿಳಿ ಹಾಳೆ ಮೇಲೆ ಎಡಿಸಿ ಕುಣಿತ 35ರಿಂದ 4ಕ್ಕೆ. ಟ್ರ್ಯಾಕ್ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಓಡಿಸಿದ್ವಿ, ಬ್ಯಾಟರಿ ಎರಡು ಸಲ ಖಾಲಿಯಾಯ್ತು, ಎಲ್‌ಇಡಿ ಎರಡು ಸಲ ಮಿಣುಕಲಿಲ್ಲ. ಉಳಿದ 4 ಅಂಕಿಯಲ್ಲಿ ಮೋಟಾರ್ ಬ್ರಷ್‌ನ ಕಿಡಿಯ ಪಾಲೂ ಇದೆ. ಅದಕ್ಕೆ ಮೋಟಾರಿನ ಎರಡು ಕಾಲಿಗೇ ಕೆಪಾಸಿಟರ್ ಬೆಸೆಯಬೇಕು, ಅದು ಲೇಔಟಿನ ಕೈಯಲ್ಲಿಲ್ಲ.

ಲೇಔಟಿಗೂ ಮಿತಿ ಇದೆ. ನಮ್ಮ ಬೋರ್ಡಿನ ದಪ್ಪ 1.6 ಮಿಲಿಮೀಟರ್, ಅಂದರೆ ಟ್ರ್ಯಾಕಿಗೂ ಅದರ ನೆರಳಿಗೂ ನಡುವೆ ಅಷ್ಟು ಅಂತರ ಇದ್ದೇ ಇರುತ್ತೆ. ನಾಲ್ಕು ಲೇಯರ್ ಬೋರ್ಡಲ್ಲಿ ಸಾಮಾನ್ಯವಾಗಿ ಆ ಅಂತರ 0.2 ಆಸುಪಾಸು, ನೆರಳು ಕಾಲಿಗೇ ಅಂಟಿರುತ್ತೆ. `ATmega328P`ಯಂಥ ನಿಧಾನದ ಚಿಪ್‌ಗೆ ಎರಡು ಲೇಯರ್ ಸಾಕು. ಸಿಗ್ನಲ್ ಅಂಚು 1 ನ್ಯಾನೋ ಸೆಕೆಂಡಿಗಿಂತ ಚುರುಕಾದರೆ ಎರಡು ಲೇಯರಲ್ಲಿ ಎಷ್ಟು ಚೆನ್ನಾಗಿ ಎಳೆದರೂ ಗುದ್ದಾಟವೇ. ಅಲ್ಲಿ ನೋಡಬೇಕಾದ್ದು ಅಂಚಿನ ವೇಗ. ಕ್ಲಾಕ್ 16 ಮೆಗಾಹರ್ಟ್ಜ್ ತಾನೇ ಅಂತ ಸುಮ್ಮನಾಗೋಕಾಗಲ್ಲ.

ಗರ್ಬರ್ ಫೈಲ್ ಕಳಿಸೋ ಮೊದಲು ನಾವು ಮಾಡಿದ ಒಂದು ಕೆಲಸ ನೀವೂ ಮಾಡಬಹುದು. ಕೀಕ್ಯಾಡ್‌ನಲ್ಲಿ `B.Cu` ಮಾತ್ರ ಆನ್ ಇಟ್ಟು, ನಾಲ್ಕು ಪಟ್ಟು ದೊಡ್ಡದಾಗಿ ಎ3 ಹಾಳೆಗೆ ಪ್ರಿಂಟ್ ತೆಗೀರಿ. ಮೇಲಿನ ಲೇಯರನ್ನ ಅದೇ ಅಳತೆಯಲ್ಲಿ ಇನ್ನೊಂದು ಹಾಳೆಗೆ. ಎರಡನ್ನೂ ಜೋಡಿಸಿ ಕಿಟಕಿ ಗಾಜಿಗೆ ಹಿಡಿದು, ಪ್ರತಿ ಮುಖ್ಯ ಸಿಗ್ನಲಿಗೂ ಕೆಂಪು ಪೆನ್ನಲ್ಲಿ ಹೋಗೋ ದಾರಿ, ನೀಲಿ ಪೆನ್ನಲ್ಲಿ ವಾಪಸ್ ಬರೋ ದಾರಿ ಎಳೀರಿ. ಕೆಪಾಸಿಟರಿನ ಸುತ್ತಿಗೂ ಹಾಗೇ. ನೀಲಿ ಗೆರೆ ಕೆಂಪಿನ ಕೆಳಗೇ ಇದ್ದರೆ ಸರಿ. ಎಲ್ಲಿ ನೀಲಿ ಕೆಂಪನ್ನ ಬಿಟ್ಟು ಸುತ್ತಾಡೋಕೆ ಹೋಗುತ್ತೋ ಅಲ್ಲಿ ಬೋರ್ಡ್ ತಿದ್ದಬೇಕು. ನಮ್ಮ ಹಾಳೆಯಲ್ಲಿ ಅಂಥ ಜಾಗ ಏಳು ಸಿಕ್ಕವು. ಐದನ್ನ ಸರಿಮಾಡಿದ್ವಿ. ಎರಡು ಎಲ್‌ಇಡಿ ಲೈನ್‌ಗಳು, ಅವು ನಿಧಾನದವು, ಹಾಗೇ ಬಿಟ್ವಿ.